ಫೋಟೊದ ನಕ್ಷೆಗೆ ಸ್ಕೇಲ್ ಇಡುವ ಮುನ್ನ

ಟೋಪೋಶೀಟಿನ ಮೇಲೆ 1:50,000 ಎಂದಿದ್ದರೆ 4 ಸೆಂ.ಮೀ. ಅಂದರೆ 2 ಕಿ.ಮೀ. ಆದರೆ ಅದು ಕಾಗದದ ಲೆಕ್ಕ. ಫೋಟೊ ತೆಗೆದು ಮೊಬೈಲಿನಲ್ಲಿ ಹಿಗ್ಗಿಸಿದರೆ ಆ ಅನುಪಾತ ಅಲ್ಲಿಗೇ ಸತ್ತಂತೆ. ನಕ್ಷೆಯ ಜೊತೆಗೇ ಹಿಗ್ಗುವುದು ಅಡಿಯಲ್ಲಿರುವ ಅಳತೆಪಟ್ಟಿ ಮಾತ್ರ. ಅದೂ ಫೋಟೊದಲ್ಲಿ ಬಂದಿರಬೇಕು.

ಪರದೆಯಲ್ಲಿ ಆ ಪಟ್ಟಿಯ 1 ಕಿ.ಮೀ. 3.2 ಸೆಂ.ಮೀ. ಉದ್ದ ಕಂಡಿತು ಅನ್ನಿ. ಹಳ್ಳದಿಂದ ಗುಡ್ಡದ ನೆತ್ತಿಗೆ 4 ಸೆಂ.ಮೀ. ಇದ್ದರೆ ನಿಜವಾದ ದೂರ 1,250 ಮೀಟರ್. ನಡುವೆ ಸಮೋನ್ನತಿ ರೇಖೆಗಳ 10 ಅಂತರ, ಒಂದೊಂದೂ 20 ಮೀಟರ್. ಏರು 200 ಮೀಟರ್. ಇಳಿಜಾರು 16%, ಅಂದರೆ ಸುಮಾರು 9 ಡಿಗ್ರಿ. ಅಚ್ಚಾದ ಅನುಪಾತವನ್ನೇ ನಂಬಿದ್ದರೆ 10% ಬರುತ್ತಿತ್ತು!

ಓರೆಯಾಗಿ ತೆಗೆದ ಫೋಟೊದಲ್ಲಿ ಮೇಲಿನ ಗ್ರಿಡ್ ಚೌಕ ಕೆಳಗಿನದಕ್ಕಿಂತ ಕಿರಿದಾಗಿ ಕಾಣುತ್ತದೆ. ಹಾಗಿದ್ದರೆ ಅಳೆಯಬೇಡಿ, ನೇರ ಮೇಲಿಂದ ಇನ್ನೊಂದು ಫೋಟೊ ತೆಗೆಯಿರಿ.