ತಿಳಿ ಗ್ಲಾಸು, ಮಬ್ಬು ಗ್ಲಾಸು

ಪುಣೆಯ ಕೆಲವು ಮೈಕ್ರೋಬ್ರೂವರಿಗಳಲ್ಲಿ ಐಪಿಎ ಕೇಳಿದರೆ, ಯಾವುದು ಎಂದು ತಿರುಗಿ ಕೇಳುತ್ತಾರೆ. ಒಂದು ತಿಳಿ ಬಂಗಾರದ ಬಣ್ಣದ್ದು. ಗ್ಲಾಸಿನ ಆಚೆ ಹಿಡಿದ ಬೆರಳು ಕಾಣುತ್ತದೆ, ನುಂಗಿದ ಮೇಲೂ ಹಾಗಲಕಾಯಿಯಂಥ ಕಹಿ ಉಳಿಯುತ್ತದೆ. ಇನ್ನೊಂದು ಮಾವಿನ ರಸದಂತೆ ಮಬ್ಬು, ಬಾಯಲ್ಲಿ ಮೆತ್ತಗೆ. ನಮ್ಮ ಟೀಮಿನ ಹುಡುಗರು ಇದಕ್ಕೆ ಜ್ಯೂಸ್ ಬೆರೆಸಿದ್ದಾರೆ ಅಂತಲೇ ನಂಬಿದ್ದರು. ಸಾಮಾನ್ಯವಾಗಿ ಒಂದು ಹನಿ ಹಣ್ಣಿನ ರಸವೂ ಅದರಲ್ಲಿರುವುದಿಲ್ಲ.

ನನಗೆ ಇದನ್ನು ಬಿಡಿಸಿ ಹೇಳಿದವನು ಎಂಟೆಕ್ ಸಹಪಾಠಿ, ಹುಬ್ಬಳ್ಳಿಯವನು. ಐಟಿ ಬಿಟ್ಟು ಬಿಯರ್ ಕಾಯಿಸುವ ಕೆಲಸಕ್ಕೆ ಸೇರಿದ. "ನೋಡಪಾ, ಸಾರಿಗೆ ಕೊತ್ತಂಬರಿ ಮೊದಲೇ ಹಾಕಿ ಕುದಿಸಿದ್ರ ಒಂದು ರುಚಿ, ಇಳಿಸಿದ ಮ್ಯಾಲೆ ಹಾಕಿದ್ರ ಇನ್ನೊಂದು. ಹಾಪ್ಸೂ ಹಂಗ" ಎಂದ.

ಹಾಪ್ಸ್ ಎಂದರೆ ಒಂದು ಬಳ್ಳಿಯ ಹೂವು. ಅದರೊಳಗಿನ ಆಲ್ಫಾ ಆಮ್ಲ ಕುದಿಯುವ ರಸದಲ್ಲಿ ರೂಪ ಬದಲಿಸಿಕೊಂಡಾಗಲೇ ನಿಜವಾದ ಕಹಿ ಬಿಡುವುದು. ಅದಕ್ಕೆ ಹೊತ್ತು ಬೇಕು. ಆದರೆ ಅಷ್ಟು ಹೊತ್ತಿನಲ್ಲಿ ಪರಿಮಳದ ಎಣ್ಣೆ ಹಬೆಯ ಜೊತೆ ಹಾರಿಹೋಗಿರುತ್ತದೆ. 20 ಲೀಟರಿನ ಒಂದು ಲೆಕ್ಕ ನೋಡಿ. ಶೇ. 12 ಆಲ್ಫಾ ಆಮ್ಲವಿರುವ 45 ಗ್ರಾಂ ಹಾಪ್ಸನ್ನು 60 ನಿಮಿಷ ಕುದಿಸಿದರೆ ಕಹಿಯ ಅಳತೆ ಸುಮಾರು 57 ಐಬಿಯು. ಅದೇ 45 ಗ್ರಾಂ ಕೊನೆಯ 5 ನಿಮಿಷಕ್ಕೆ ಹಾಕಿದರೆ ಹತ್ತು, ಹನ್ನೊಂದು ಅಷ್ಟೇ. ತಿಳಿ ಐಪಿಎ ಮಾಡುವವರು ಕೊನೆಗೂ ಹಾಪ್ಸ್ ಹಾಕುತ್ತಾರೆ, ಆದರೆ ಬುನಾದಿ ಆ ಮೊದಲ ಕಹಿ. ಮಬ್ಬಿನವರು ಕುದಿಯ ಹೊತ್ತಿನಲ್ಲಿ ಕೈ ಬಿಗಿಹಿಡಿಯುತ್ತಾರೆ. ಒಲೆ ಆರಿಸಿ, ರಸ 80 ಡಿಗ್ರಿಯಷ್ಟಕ್ಕೆ ಇಳಿದ ಮೇಲೆ ಒಂದಷ್ಟು ಹಾಕುತ್ತಾರೆ. ಹುದುಗು ಬಂದ ಮೇಲೆ, ತಣ್ಣಗಿರುವಾಗಲೇ, 20 ಲೀಟರಿಗೆ 200 ಗ್ರಾಂವರೆಗೂ ಸುರಿಯುತ್ತಾರೆ. ಮಾವು, ಕಿತ್ತಳೆಯ ವಾಸನೆ ಬರುವುದು ಅಲ್ಲಿಂದ.

ಇನ್ನು ಓಟ್ಸ್. 5 ಕಿಲೋ ಧಾನ್ಯದಲ್ಲಿ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಓಟ್ಸ್ ಇರುತ್ತದೆ. ಅದರ ಬೀಟಾ ಗ್ಲೂಕನ್, ಪ್ರೋಟೀನ್ ಸೇರಿ ಬಿಯರಿಗೆ ಗಂಜಿಯಂಥ ಮೈ ಕೊಡುತ್ತವೆ. ಹೆಚ್ಚಾದರೆ ಸೋಸುವಾಗ ಧಾನ್ಯ ಅಂಟಿಕೊಂಡು ರಸ ಇಳಿಯುವುದೇ ಇಲ್ಲ. ಯೀಸ್ಟಿನದ್ದೂ ಒಂದು ಪಾತ್ರವಿದೆ. ತಿಳಿ ಐಪಿಎಗೆ ಬಳಸುವ ಅಮೆರಿಕನ್ ಯೀಸ್ಟ್ ತನ್ನದೇ ರುಚಿ ಸೇರಿಸದೆ ಕೆಲಸ ಮುಗಿಸುತ್ತದೆ; ಚಳಿ ಕೊಟ್ಟರೆ ತಳಕ್ಕಿಳಿಯುತ್ತದೆ. ಮಬ್ಬಿನದಕ್ಕೆ ಲಂಡನ್ ಏಲ್ 3ರಂಥ ತಳಿ ಬೇಕು. ಅದು ತಾನೇ ಒಂದಿಷ್ಟು ಹಣ್ಣಿನ ವಾಸನೆ ಕೊಡುತ್ತದೆ, ಹಾಪ್ಸಿನ ಎಣ್ಣೆಯ ಕೆಲವು ಅಂಶಗಳನ್ನೂ ಬದಲಿಸುತ್ತದೆ.

ಹಾಗಾದರೆ ಮಬ್ಬು ಓಟ್ಸಿನದೋ ಯೀಸ್ಟಿನದೋ? ಮುಖ್ಯವಾಗಿ ಎರಡರದ್ದೂ ಅಲ್ಲ. ಧಾನ್ಯದ ಪ್ರೋಟೀನ್, ಹಾಪ್ಸಿನ ಪಾಲಿಫೀನಾಲ್ ಒಂದಕ್ಕೊಂದು ಅಂಟಿ ತೇಲುವ ಸಣ್ಣ ಕಣಗಳೇ ಆ ಮಬ್ಬು. ನಾಲ್ಕು ದಿನ ಫ್ರಿಜ್ಜಿನಲ್ಲಿಟ್ಟಾಗ ಮೇಲೆ ತಿಳಿಯಾಗಿ ತಳದಲ್ಲಿ ದಪ್ಪ ಗಷ್ಟು ಕೂತರೆ, ಅದು ಬರೀ ಯೀಸ್ಟ್ ಅಥವಾ ಹಿಟ್ಟು. "ಮಬ್ಬು ಗುರಿ ಅಲ್ಲಪಾ, ಪರಿಣಾಮ" ಅನ್ನುತ್ತಾನೆ ಗೆಳೆಯ.

ಈ ಬಿಯರಿನ ದೊಡ್ಡ ಶತ್ರು ಗಾಳಿ. ಅಷ್ಟೊಂದು ಹಾಪ್ಸ್ ಇರುವುದರಿಂದ ತುಸು ಆಮ್ಲಜನಕ ಹೊಕ್ಕರೂ ಹಳದಿ ಬಣ್ಣ ಬೂದು ಕಂದಾಗುತ್ತದೆ, ಮಾವಿನ ವಾಸನೆ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ತಿಳಿ ಐಪಿಎಯ ಪರಿಮಳವೂ ಮಾಸುತ್ತದೆ. ಆದರೆ ಕಹಿಯ ಬೆನ್ನೆಲುಬು ಇನ್ನಷ್ಟು ದಿನ ನಿಲ್ಲಿಸುತ್ತದೆ.

ಒಮ್ಮೆ ಗೆಳೆಯನ ಒಂದು ಟ್ಯಾಂಕಿಗೆ ಹಾಪ್ಸ್ ಹಾಕುವಾಗ ಗಾಳಿ ಸೇರಿತು. ಮೂರನೇ ವಾರಕ್ಕೆ ಬಣ್ಣ ಇಳಿಯಿತು. ಮಾಲೀಕರು, "ಕತ್ತಲಲ್ಲಿ ಬಣ್ಣ ಯಾರು ನೋಡ್ತಾರೆ, ಆಫರ್ ಹಾಕಿ ಮಾರೋಣ" ಅಂದರು. ಇವನು ಎರಡು ಗ್ಲಾಸು ತಂದ: ಒಂದರಲ್ಲಿ ಅದೇ ಬಿಯರು, ಇನ್ನೊಂದರಲ್ಲಿ ಆ ವಾರದ ಹೊಸದು. ಮಾತಾಡದೆ ಅವರ ಮುಂದಿಟ್ಟ. ಮೂಸಿ ನೋಡಿದ ಮೇಲೆ ಅವರು ಸುಮ್ಮನಾದರು. ಉಳಿದದ್ದೆಲ್ಲ ಮೋರಿಗೆ ಹೋಯಿತು. ಆ ತಿಂಗಳು ಅವನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ನನಗೆ ಆತಂಕವಿತ್ತು. ಉಳಿಯಿತು.

ಈಗ ಮಬ್ಬಿನದು ತರಿಸುವ ಮೊದಲು ನಾನು ಕೇಳುವುದು ಒಂದೇ: ಟ್ಯಾಂಕಿಂದ ಕೆಗ್ಗಿಗೆ ತುಂಬಿದ್ದು ಯಾವತ್ತು? ಮೂರು ವಾರದೊಳಗಾದರೆ ಅದು. ಉತ್ತರ ತಡವರಿಸಿದರೆ ತಿಳಿಯದ್ದು.