ಮೂವತ್ತು ಲೋಟದ ಡಿಕಾಕ್ಷನ್

ಬೆಳಗಿನ ಜಾವ ನಾಲ್ಕೂವರೆ. ಹಾಸನದ ಬಸ್ ನಿಲ್ದಾಣದ ಪಕ್ಕದ ರಸ್ತೆಯಲ್ಲಿ ನಮ್ಮ ತಳ್ಳುಗಾಡಿ ನಿಂತಿದೆ. ಒಂದು ಗ್ಯಾಸ್ ಒಲೆ, ಹಾಲಿನ ಪಾತ್ರೆ, ಸ್ಟೀಲಿನ ದೊಡ್ಡ ಫಿಲ್ಟರ್, ಲೋಟಗಳು. ಇಷ್ಟೇ ಬಂಡವಾಳ. ಅಕ್ಕ ಫಿಲ್ಟರಿನ ಕೆಳಗಿನ ಪಾತ್ರೆ ತೆಗೆದು ನೋಡುತ್ತಾಳೆ. ತಳದಲ್ಲಿ ನಾಲ್ಕು ಚಮಚ ಡಿಕಾಕ್ಷನ್, ಅಷ್ಟೇ.

"ಪುಡಿನ ಅದುಮಿಬಿಟ್ಟಿದ್ಯ ಕಣೋ," ಅಂತಾಳೆ.

ಹೌದು, ನನ್ನದೇ ತಪ್ಪು. ಗಟ್ಟಿ ಬರಲಿ ಎಂದು ಬಿಗಿಯಾಗಿ ಒತ್ತಿದ್ದೆ; ನೀರು ಇಳಿಯಲು ದಾರಿಯೇ ಇಲ್ಲ. ಅದನ್ನು ಚೆಲ್ಲಿ ಮತ್ತೆ 200 ಗ್ರಾಂ ಪುಡಿ ಹಾಕಿ, ಈ ಸಲ ತಟ್ಟಿ ಮಟ್ಟ ಮಾಡುತ್ತೇವೆ. ಕುದಿ ಬಂದು ಸ್ವಲ್ಪ ತಣಿದ ಒಂದು ಲೀಟರ್ ನೀರನ್ನು ಸುತ್ತ ನಿಧಾನಕ್ಕೆ ಹೊಯ್ಯುತ್ತೇವೆ. ಪುಡಿಯೇ ಸುಮಾರು 400 ಮಿ.ಲೀ. ಕುಡಿದುಬಿಡುತ್ತದೆ. ಇಳಿಯುವುದು 600. ಲೋಟಕ್ಕೆ 20 ಮಿ.ಲೀ. ಲೆಕ್ಕದಲ್ಲಿ ಮೂವತ್ತು ಕಾಫಿ.

ಪುಡಿಗಾಗಿ ನಿನ್ನೆ ಅರ್ಧ ದಿನ ಅಲೆದಿದ್ದೆವು. ನನಗೆ ಬರೀ ಪೀಬೆರಿಯ ಆಸೆ. ಆದರೆ ಹಾಲು, ಸಕ್ಕರೆ ಬಿದ್ದ ಮೇಲೆ ಅರೇಬಿಕಾದ ನವಿರು ಘಮ ಮುಕ್ಕಾಲು ಮುಚ್ಚಿಹೋಗುತ್ತದೆ. ಹಾಲಿನೊಳಗೂ ತಲೆಯೆತ್ತಿ ನಿಲ್ಲುವುದು ರೋಬಸ್ಟಾ. ಅದಕ್ಕೇ ಬೀಜದಲ್ಲಿ ಪ್ಲಾಂಟೇಶನ್ ಅರ್ಧ, ರೋಬಸ್ಟಾ ಅರ್ಧ ಹಾಕಿಸಿ, ಒಟ್ಟು ಪುಡಿಯಲ್ಲಿ ನೂರಕ್ಕೆ 20 ಮಾತ್ರ ಚಿಕೋರಿ ಬೆರೆಸಿಸಿದೆವು. ಅಗ್ಗದ ಇನ್ನೊಂದು ಪುಡಿಯನ್ನು ಅಕ್ಕ ತಣ್ಣೀರಿನ ಲೋಟದ ಮೇಲೆ ಉದುರಿಸಿ ನೋಡಿದ್ದಳು. ಕಾಫಿ ಮೇಲೆ ತೇಲಿತು. ಚಿಕೋರಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯಿತು. ನೀರೆಲ್ಲ ಗೆರೆಯೋ ಗೆರೆ. ಅದು ಬಣ್ಣ ಕೊಡುತ್ತದೆ, ಆದರೆ ನಾಳೆ ಗಿರಾಕಿಯನ್ನು ಮತ್ತೆ ಕರೆತರುವುದಿಲ್ಲ.

ಗಾಡಿಯ ಅಂಚಿಗೆ ಒರಗಿ ಚೀಟಿ ಬಿಡಿಸುತ್ತೇನೆ. ಪುಡಿ ಕೆ.ಜಿ.ಗೆ 750 ರೂಪಾಯಿ ಬಿದ್ದಿದೆ, ಅಂದರೆ ಲೋಟಕ್ಕೆ 5. ಹಾಲು 80 ಮಿ.ಲೀ.ಗೆ 4. ಸಕ್ಕರೆ, ಗ್ಯಾಸ್, ಪೇಪರ್ ಕಪ್ ಸೇರಿ 2. ಅಸಲೇ 11.

"ಹನ್ನೆರಡಕ್ಕೆ ಕೊಟ್ರೆ ಜನ ಜಾಸ್ತಿ ಬರ್ತಾರಲ್ವೇನೋ?"

"ಬರ್ತಾರೆ ಅಕ್ಕ. ನೂರೈವತ್ತು ಲೋಟ ಹೋದ್ರೆ ನೂರೈವತ್ತು ರೂಪಾಯಿ ಉಳಿಯುತ್ತೆ. ಒಂದೂವರೆ ಲೀಟರ್ ಹಾಲು ಒಡೆದ್ರೆ ಅರ್ಧ ಹೋಯ್ತು."

15 ಎಂದು ಹಲಗೆಯ ಮೇಲೆ ಸುಣ್ಣದಲ್ಲಿ ಬರೆಯುತ್ತೇನೆ. ಅಷ್ಟೇ ಲೋಟಕ್ಕೆ ಈಗ ಉಳಿಯುವುದು 600, ನಮ್ಮಿಬ್ಬರ ದಿನದ ಕೂಲಿ.

ಡಿಕಾಕ್ಷನ್ ಇಳಿದಿದೆ. ಅಕ್ಕ ಅದನ್ನು ಒಲೆಯ ಮೇಲಿಡುವುದಿಲ್ಲ. ಮತ್ತೆ ಕುದಿಸಿದರೆ ಕಹಿಯೊಂದೇ ಉಳಿಯುತ್ತದೆ. ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಕೂರಿಸುತ್ತಾಳೆ. ಹಾಲು ಉಕ್ಕಿ ಬರುತ್ತಿದೆ. ಮಫ್ಲರ್ ಸುತ್ತಿದ ಕಂಡಕ್ಟರೊಬ್ಬರು ರಸ್ತೆ ದಾಟಿ ಬಂದು ಹಲಗೆ ನೋಡುತ್ತಾರೆ, ಆಮೇಲೆ ಫಿಲ್ಟರ್ ನೋಡುತ್ತಾರೆ.

"ಒಂದು ಸ್ಟ್ರಾಂಗ್ ಕೊಡಮ್ಮ, ಸಕ್ಕರೆ ಕಮ್ಮಿ."

ಅಕ್ಕ ಲೋಟಕ್ಕೆ ಡಿಕಾಕ್ಷನ್ ಬಗ್ಗಿಸುತ್ತಾಳೆ.