ಕಾರಿಗೆ ಬೆಳಕಿಂಡಿ ಬೇಕೇನ್ರೀ?

ಈಗ ನಮ್ಮ ಕಡೆ ಯಾರ ಮನಿಗೆ ಹೋದ್ರೂ, ಹೊಸಾ ಕಾರಿನ ಮಾತು ಬಂತಂದ್ರ ಮೂರು ಪ್ರಶ್ನಿ ಬಂದ ಬರ್ತಾವ. ಸನ್‌ರೂಫ್ ಅದ ಏನು? ವೆಂಟಿಲೇಟೆಡ್ ಸೀಟ್ ಅವ ಏನು? ಸ್ಕ್ರೀನು ಎಷ್ಟು ಇಂಚಿಂದು? ಇಂಜಿನ್ ಹೆಂಗದ, ಹಿಂದ ಕೂತವರಿಗೆ ಗಾಳಿ ಬರ್ತದ ಇಲ್ಲೋ ಅಂತ ಕೇಳೋರು ಕಡಿಮಿ. ಹೋದ ತಿಂಗಳು ನನ್ನ ತಂಗಿ ಮಗಳು "ದೊಡ್ಡವ್ವ, ಈ ಮೂರೂ ಇರೂದ ತಗೋಬೇಕು ಅಂತ ಇವರು ಹಟ ಹಿಡದಾರ, ನೀ ಏನಂತಿ?" ಅಂತ ಫೋನ್ ಮಾಡಿದ್ಲು. ಆಕಿ ಜೋಡಿ ಕೂತು ಹಾಳಿ ಮ್ಯಾಲ ಬರದು ಲೆಕ್ಕಾ ಹಾಕಿದ್ದನ್ನ ನಿಮಗೂ ಹೇಳ್ತೀನಿ. ನಿಮ್ಮನ್ಯಾಗೂ ಯಾರರೆ ಕಾರ್ ತಗೊಳ್ಳಾಕ ಹೊಂಟಿದ್ರ ಉಪಯೋಗ ಆದೀತು.

ಮೊದಲ ರೊಕ್ಕದ ಮಾತು. ಅವರು ನೋಡಿದ್ದು ಒಂದ ಗಾಡಿಯ ಎರಡು ಮಾಡೆಲ್. ಕೆಳಗಿಂದು ಶೋರೂಮ್ ಬೆಲಿ 9 ಲಕ್ಷ 80 ಸಾವಿರ. ಮೂರೂ ಇರೋ ಮ್ಯಾಲಿಂದು 11 ಲಕ್ಷ 20 ಸಾವಿರ. "ಬರೇ 1 ಲಕ್ಷ 40 ಸಾವಿರ ಹೆಚ್ಚು" ಅಂತ ಅಳಿಯಂದ್ರು ಹೇಳಿದ್ರು. ಆದ್ರ ನಮ್ಮ ಕರ್ನಾಟಕದಾಗ ರೋಡ್ ಟ್ಯಾಕ್ಸ್ ಬೆಲಿ ನೋಡಿ ಹಾಕ್ತಾರ. 10 ಲಕ್ಷದ ಒಳಗಿದ್ರ 14 ಪರ್ಸೆಂಟ್, 10 ದಾಟಿದ್ರ 17 ಪರ್ಸೆಂಟ್. ದಾಟಿದಷ್ಟಕ್ಕಷ್ಟ ಅಲ್ಲ, ಪೂರ್ತಿ ಬೆಲಿ ಮ್ಯಾಲ 17. ಕೆಳಗಿನ ಗಾಡಿಗೆ ಟ್ಯಾಕ್ಸ್ 1,37,200 ಆದ್ರ ಮ್ಯಾಲಿಂದಕ್ಕ 1,90,400. ಅಲ್ಲೇ 53,200 ಹೆಚ್ಚಾತು, ಅದರ ಮ್ಯಾಲ ಸೆಸ್ಸು, ಇನ್ಶೂರೆನ್ಸು ಬ್ಯಾರೆ. ಅಂದ್ರ ಫರಕು 1 ಲಕ್ಷ 40 ಸಾವಿರ ಅಲ್ಲ, 1 ಲಕ್ಷ 93 ಸಾವಿರದ ಮ್ಯಾಲ. ಇದನ್ನ ಬ್ಯಾಂಕಿನ್ಯಾಗ 9 ಪರ್ಸೆಂಟ್ ಬಡ್ಡಿಗೆ ಐದು ವರ್ಷಕ್ಕ ತಗೊಂಡ್ರ ತಿಂಗಳಿಗೆ ಸುಮಾರು 4,000 ಕಂತು ಹೆಚ್ಚು, ಕಡೀಕ ಕಟ್ಟಿದ್ದು 2 ಲಕ್ಷ 40 ಸಾವಿರ. ಮೂರು ಚೈನಿಗೆ ಇಷ್ಟು ಕೊಡಬೇಕೋ ಬ್ಯಾಡೋ ಅನ್ನೂದನ್ನ ಒಂದೊಂದ ತಗೊಂಡು ನೋಡಿದ್ವಿ.

ಸನ್‌ರೂಫ್ ಅಂದ್ರ ಹಳೇ ಮಾಳಗಿ ಮನಿ ಬೆಳಕಿಂಡಿ ಇದ್ದಂಗ. ಒಳಗ ಬೆಳಕು ಚಂದ ಬೀಳ್ತದ, ಗಾಡಿ ದೊಡ್ಡದು ಅನಸ್ತದ. ಇದನ್ನ ಸುಳ್ಳು ಅನ್ನೂದಿಲ್ಲ. ಮಳಿಗಾಲದಾಗ ಆಗುಂಬೆ ಕಡೆ, ಚಳಿಗಾಲದಾಗ ಮುಂಜಾನೆ ಹೊಂಟಾಗ ಖುಷಿ ಆಗ್ತದ. ಆದ್ರ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಫೆಬ್ರುವರಿಯಿಂದ ಮೇ ತನಕ ಹಗಲಿ ಮ್ಯಾಲಿನ ಪರದೆ ಯಾರು ಸರಸ್ತಾರ? ಕಾಚಿನ ಮ್ಯಾಲ ಬಿಸಲು ಬಿದ್ದು ನೆತ್ತಿ ಕಾಯ್ತದ. ಕೆಲವು ಗಾಡಿಯೊಳಗ ಆ ಪರದೆ ತೆಳ್ಳಗಿನ ಅರಿವಿ ಇರ್ತದ, ಮುಚ್ಚಿದ್ರೂ ಕಾವು ಇಳೀತದ, ಎಸಿ ಹೆಚ್ಚು ದುಡೀಬೇಕಾಗ್ತದ. ಮತ್ತ ಆ ಕಾಚು, ಅದು ಸರಿಯೋ ಹಳಿ ಎಲ್ಲಾ ಮ್ಯಾಲ ಕೂಡೂದರಿಂದ ಒಳಗಿನ ಮಾಳಗಿ ಸ್ವಲ್ಪ ಕೆಳಗ ಇಳದಿರ್ತದ. ಮನ್ಯಾಗ ಎತ್ತರದವರಿದ್ರ ಶೋರೂಮಿನ್ಯಾಗ ಅವರನ್ನ ಹಿಂದಿನ ಸೀಟಿಗೆ ಕೂಡಿಸಿ ತಲಿಗೆ ಎಷ್ಟು ಜಾಗ ಉಳೀತು ಅಂತ ನೋಡ್ರಿ.

ಇನ್ನ ಸೋರೂದು. ಭಾಳ ಮಂದಿ ಸನ್‌ರೂಫಿನ ರಬ್ಬರು ಪೂರ್ತಿ ನೀರು ತಡೀತದ ಅಂದ್ಕೋತಾರ. ಹಂಗಲ್ಲ. ಸ್ವಲ್ಪ ನೀರು ಒಳಗ ಬರೂದ ಬರ್ತದ. ಅದನ್ನ ಹಿಡ್ಯಾಕ ಸುತ್ತಲೂ ಒಂದು ಕಾಲುವಿ ಇರ್ತದ, ಅದರ ಮೂಲಿಗಳಿಂದ ಸಣ್ಣ ಪೈಪು ಕಂಬದೊಳಗ ಹಾದು ಗಾಡಿ ಕೆಳಗ ನೀರು ಬಿಡ್ತಾವ. ಬೇವಿನ ಗಿಡದ ಕೆಳಗ ಗಾಡಿ ನಿಂದರಿಸಿದ್ರ ಎಲಿ, ಹೂವು, ಧೂಳು ಸೇರಿ ಈ ಪೈಪು ಕಟ್ಟತಾವ. ಆವಾಗ ನೀರು ಹೊರಗ ಹೋಗಲಾರದ ಒಳಗ ಬರ್ತದ. ನನ್ನ ನಾದಿನಿ ಗಾಡಿಗೆ ಹಿಂಗ ಆಗಿತ್ತು. ಮೊದಲ ಕಾಲಾಗಿನ ಮ್ಯಾಟು ಹಸಿ ಅನಸ್ತು, ಆಮ್ಯಾಲ ಬೂಷ್ಟಿನ ವಾಸನಿ, ಆಮ್ಯಾಲ ಮಾಳಗಿ ಮೂಲ್ಯಾಗ ಚಹಾದ ಬಣ್ಣದ ಕಲಿ. ಎಸಿ ನೀರು ಅಂತ ಎರಡು ತಿಂಗಳು ಸುಮ್ನಿದ್ರು. ಸನ್‌ರೂಫ್ ಇದ್ದವರು ಮಳಿಗಾಲಕ್ಕ ಮೊದಲ ಕಾಚು ತಗದು, ಕಾಲುವಿ ಅರಿವಿಲೆ ಒರಸಿ, ಮೂಲಿಗೆ ಒಂದು ವಾಟಗದಷ್ಟು ನೀರು ನಿಧಾನ ಹಾಕಿ ನೋಡ್ರಿ. ಗಾಡಿ ಕೆಳಗ ನೀರು ತೊಟ್ಟಿಕ್ಕಿದ್ರ ಪೈಪು ಛಲೋ ಅದ. ನೀರು ಅಲ್ಲೇ ನಿಂತ್ರ ಸರ್ವಿಸಿನವರಿಗೆ ಹೇಳ್ರಿ. ತಂತಿ ಹಾಕಿ ತಿವ್ಯಾಕ ಹೋಗಬ್ಯಾಡ್ರಿ, ಪೈಪು ಬಿಚ್ಚಿಕೊಂಡ್ರ ಮತ್ತೊಂದು ಕೆಲಸ.

ಹುಡುಗರ ಮಾತು ಬ್ಯಾರೆನ ಹೇಳಬೇಕು. ತಂಗಿ ಮಗಳಿಗೆ ಆರು ವರ್ಷದ ಮಗ. ಸನ್‌ರೂಫ್ ಬೇಕು ಅನ್ನೂದು ಅಂವಂದ ಹಟ, ನಿಂತು ಹೊರಗ ಹಣಕಿ ಹಾಕಾಕ. ಓಡೋ ಗಾಡಿಯೊಳಗ ಹಂಗ ನಿಂದರೂದು ತಪ್ಪು, ಪೊಲೀಸರು ದಂಡಾ ಹಾಕ್ತಾರ. ದಂಡಾ ಹೋಗ್ಲಿ, ಗಕ್ಕನ ಬ್ರೇಕ್ ಹಾಕಿದ್ರ ಕೂಸಿನ ಎದಿ, ಕುತ್ತಿಗಿ ಆ ಕಬ್ಬಣದ ಅಂಚಿಗೆ ಬಡೀತದ. ಸೀಟ್ ಬೆಲ್ಟ್ ಇಲ್ಲ, ಏನಿಲ್ಲ. ಅಂದ್ರ ಯಾರ ಸಲುವಾಗಿ ತಗೋತೀವೋ ಅವರಿಗೆ ಅದನ್ನ ಬಳಸ್ಯಾಕ ಕೊಡಾಕ ಬರೂದಿಲ್ಲ. ಇಲ್ಲಿಗೆ ಸನ್‌ರೂಫ್ "ಬೇಕಾ ಬೇಕು" ಪಟ್ಟಿಯಿಂದ ಹೋತು. ಆಮ್ಯಾಲ ಹೊರಗ ಎಲ್ಯರೆ ಮಾಳಗಿ ಕೊರಸಿ ಹಾಕಿಸ್ತೀನಿ ಅಂತ ಮಾತ್ರ ಯಾರೂ ಹೋಗಬ್ಯಾಡ್ರಿ, ಗಾಡಿ ಬಲಾ ಹೋಗ್ತದ, ವಾರಂಟಿನೂ ಹೋಗ್ತದ.

ಇನ್ನ ವೆಂಟಿಲೇಟೆಡ್ ಸೀಟು. ಇದು ಎಸಿ ಸೀಟು ಅಂತ ಮಂದಿ ತಿಳ್ಕೊಂಡಾರ, ಆದ್ರ ಬಹಳಷ್ಟು ಗಾಡಿಯೊಳಗ ಸೀಟಿನ್ಯಾಗ ತಣ್ಣಗ ಮಾಡೋ ಯಂತ್ರ ಏನೂ ಇರೂದಿಲ್ಲ. ಸೀಟಿನೊಳಗ ಸಣ್ಣ ಫ್ಯಾನ್ ಇರ್ತಾವ. ಅವು ಗಾಡಿಯೊಳಗಿನ ಗಾಳೀನ ಸೀಟಿನ ಸಣ್ಣ ಸಣ್ಣ ತೂತಿನಿಂದ ಆಡಸ್ತಾವ, ಬೆನ್ನಿನ ಬೆವರು ಆರ್ತದ. ಬಿಸಲಾಗ ನಿಂತ ಗಾಡಿಯೊಳಗ ಹತ್ತಿ ಕೂತ ಕೂಡ್ಲೆ ಹಚ್ಚಿದ್ರ ಬಿಸಿ ಗಾಳಿನ ಆಡ್ತದ. ಎಸಿ ಒಳಗ ತಣ್ಣಗ ಮಾಡಿದ ಮ್ಯಾಲ ಇದರ ಸುಖಾ.

ಒಂದು ಮಾತು ನನಗ ನಗಿ ತರಿಸ್ತು. ಈ ಸೀಟುಗಳಿಗೆ ಚರ್ಮದಂಥ ಹೊದಿಕಿ ಇರ್ತದ, ಅದರಾಗ ಗಾಳಿ ಆಡೂದಿಲ್ಲ, ಬೆನ್ನು ಅಂಟತದ. ಅದಕ್ಕ ತೂತು ಹಾಕಿ ಫ್ಯಾನ್ ಇಟ್ರು. ಕೆಳಗಿನ ಮಾಡೆಲ್ಲಿನ ಅರಿವಿ ಸೀಟಿನ್ಯಾಗ ಅಷ್ಟು ಬೆವರೂದ ಇಲ್ಲ. ರೋಗಾನೂ ಮ್ಯಾಲಿನ ಮಾಡೆಲ್ಲಿನ್ಯಾಗ, ಔಷಧಾನೂ ಅದರಾಗ! ಅರಿವಿ ಸೀಟು ಕಲಿ ಹಿಡೀತದ ನಿಜ, ತೊಳ್ಯಾಕ ಬರೋ ಕವರು ಹಾಕಿದ್ರಾತು. ಆದ್ರ ವೆಂಟಿಲೇಟೆಡ್ ಸೀಟಿಗೆ ಮಾಮೂಲಿ ಕವರು ಹಾಕಿದ್ರ ತೂತೆಲ್ಲಾ ಮುಚ್ಚಿ ಕೊಟ್ಟ ರೊಕ್ಕಾ ದಂಡ. ಮತ್ತ ಎರಡೂ ಥರದ ಸೀಟಿಗೆ ಒಂದ ಎಚ್ಚರಿಕಿ: ಸೀಟಿನ ಬಾಜೂಕ ಏರ್‌ಬ್ಯಾಗ್ ಇದ್ರ ಅಲ್ಲಿ ತಡಿಯದಂಥಾ ಕವರನ್ನ ತಗೋಬೇಕು.

ಅದಕ್ಕೂ ದೊಡ್ಡದು, ಈ ಫ್ಯಾನು ಸಾಮಾನ್ಯಾಗಿ ಮುಂದಿನ ಎರಡು ಸೀಟಿಗಷ್ಟ. ತಂಗಿ ಮಗಳ ಮನ್ಯಾಗ ಹಿಂದ ಕೂಡೋರು ಯಾರು? ಮೊಣಕಾಲು ನೋವಿನ ಅತ್ತಿ ಮತ್ತ ಹುಡುಗ. ಬಿಸಲಿಗೆ ಮೊದಲ ಸುಸ್ತಾಗೋರು ಅವರ. ಅವರಿಗೆ ಬೇಕಾದ್ದು ಹಿಂದಿನ ಎಸಿ ಕಿಂಡಿ. ಅದು ಕೆಳಗಿನ ಮಾಡೆಲ್ಲಿನ್ಯಾಗ ಇತ್ತು. ಆದ್ರ ಎಲ್ಲರಿಗೂ ಬ್ಯಾಡ ಅಂತ ನಾ ಹೇಳೂದಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ದಿನಾ ಮೂರು-ನಾಕು ತಾಸು ತಾವ ಗಾಡಿ ಹೊಡಿಯೋರಿಗೆ ಇದು ಚೈನಿ ಅಲ್ಲ. ಈ ಮೂರರಾಗ ನಾನು ಯಾರದರೆ "ಬೇಕಾ ಬೇಕು" ಪಟ್ಟಿಗೆ ಸೇರಿಸಿದ್ರ ಇದೊಂದನ್ನ ಸೇರಿಸ್ತೀನಿ. ನಮ್ಮ ಅಳಿಯಂದ್ರು ದಿನಾ ಹೋಗೂದು ಆರು ಕಿಲೋಮೀಟರ್. ಎಸಿ ತಂಪಾಗೂದ್ರಾಗ ಆಫೀಸ್ ಬಂದಿರ್ತದ.

ಕಡೀದು ಸ್ಕ್ರೀನು. ಕೆಳಗಿನ ಗಾಡಿಗೆ 8 ಇಂಚು, ಮ್ಯಾಲಿಂದಕ್ಕ 10.25. ಮ್ಯಾಪು, ಹಾಡು, ಫೋನು ಎರಡರಾಗೂ ಬರ್ತಾವ, ಯಾಕಂದ್ರ ಎರಡಕ್ಕೂ ಆಂಡ್ರಾಯ್ಡ್ ಆಟೋ ಅದ. ಫರಕು ಎಲ್ಲಿ ಅಂದ್ರ, ಕೆಳಗಿಂದಕ್ಕ ಎಸಿಗೆ ತಿರುವೋ ಗುಂಡಿ ಅವ, ಮ್ಯಾಲಿಂದರಾಗ ಫ್ಯಾನ್ ಹೆಚ್ಚು ಕಡಿಮಿ ಮಾಡೂದೂ ಸ್ಕ್ರೀನಿನ್ಯಾಗ. ಗುಂಡಿ ಇದ್ರ ಕೈಗೆ ಗೊತ್ತಿರ್ತದ, ಕತ್ತಲಾಗೂ ಡಬ್ಬಿ ಹುಡುಕಿ ಸಾಸಿವಿ ತಗದಂಗ. ಸ್ಕ್ರೀನ್ ಆದ್ರ ಕಣ್ಣು ಅಲ್ಲಿಡಬೇಕು. 60ರ ವೇಗದಾಗ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತದ. ಎರಡು ಸೆಕೆಂಡ್ ಕಣ್ಣು ತಗದ್ರ 33 ಮೀಟರ್ ಕುರುಡ ಓಡಿಸಿದಂಗ. ಯುರೋಪಿನ ಸುರಕ್ಷತಾ ಪರೀಕ್ಷಿ ಮಾಡೋ ಯುರೋ ಎನ್‌ಕ್ಯಾಪ್‌ನವರು ಸೈತ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್ ಇಂಥವಕ್ಕ ಕೈಗೆ ಸಿಗೋ ಗುಂಡಿ ಇದ್ರ ಅಷ್ಟ ಪೂರ್ತಿ ಅಂಕಾ ಅಂತ ಮಾಡ್ಯಾರ.

ಶೋರೂಮಿನ್ಯಾಗ ಒಂದು ಪರೀಕ್ಷಿ ಮಾಡ್ರಿ. ಗಾಡಿ ನಿಂತಾಗ, ಮುಂದಿನ ಕಾಚಿನ ಕಡೆನ ನೋಡಕೋತ, ಎಸಿ ಫ್ಯಾನ್ ಎರಡು ಹೆಚ್ಚು ಮಾಡ್ರಿ, ಹಿಂದಿನ ಕಾಚಿನ ಮಂಜು ತಗಿಯೋದು ಹಚ್ಚರಿ. ಕಣ್ಣು ತಗಿಲಾರದ ಆದ್ರ ಪಾಸು. ಆಮ್ಯಾಲ ಗಾಡಿ ಬಿಸಲಾಗ ತರಿಸಿ ಸ್ಕ್ರೀನ್ ಕಾಣ್ತದ ಇಲ್ಲೋ ನೋಡ್ರಿ. ಶೋರೂಮಿನ ನೆರಳಾಗ ಎಲ್ಲಾ ಚಂದನ ಕಾಣ್ತದ.

ಸ್ಕ್ರೀನಿನಿಂದ ಖರೇ ಉಪಯೋಗ ಅಂದ್ರ ಹಿಂದಿನ ಕ್ಯಾಮೆರಾ. ನಮ್ಮ ಓಣಿಯೊಳಗ ಹಿಂದ ತಗಿಯೋವಾಗ ಕೂಸು, ಕರು, ಸೈಕಲ್ ಎಲ್ಲಾ ಇರ್ತಾವ. ಸೆನ್ಸರ್ ಬರೇ ಕುಂಯ್ ಅಂತದ, ಏನದ ಅಂತ ತೋರಸೂದಿಲ್ಲ. ಕೆಳಗಿನ ಮಾಡೆಲ್ಲಿನ್ಯಾಗ ಕ್ಯಾಮೆರಾ ಇರಲಿಲ್ಲ. ಅದನ್ನ ಕಂಪನಿ ಸಾಮಾನ ಶೋರೂಮಿನವರ ಕಡೆನ ಹಾಕಿಸಿ, ವೈರು ಕತ್ತರಿಸಿಲ್ಲ, ವಾರಂಟಿಗೆ ಧಕ್ಕಿ ಇಲ್ಲ ಅಂತ ಬಿಲ್ಲಿನ ಮ್ಯಾಲ ಬರಸ್ಕೊಂಡ್ಲು.

ಹಿಂಗ ಆಕಿ ಹಾಳ್ಯಾಗ ಕಡೀಕ ಉಳದ "ಬೇಕಾ ಬೇಕು": ಆರು ಏರ್‌ಬ್ಯಾಗ್, ಗಾಡಿ ಜಾರೂದನ್ನ ತಡಿಯೋ ಇಎಸ್‌ಸಿ, ಹಿಂದ ನಡುವಿನವರಿಗೂ ಹೆಗಲ ಮ್ಯಾಲ ಬರೋ ಬೆಲ್ಟು, ಹಿಂದಿನ ಎಸಿ ಕಿಂಡಿ, ಕ್ಯಾಮೆರಾ, ಮತ್ತ ಅತ್ತಿಗೆ ಕಾಲು ಎತ್ತಿ ಹತ್ತಾಕ ತ್ರಾಸ ಆಗದಂಥಾ ಸೀಟಿನ ಎತ್ತರ. ಕಡೀದಂತೂ ಯಾವ ಜಾಹೀರಾತಿನ್ಯಾಗೂ ಇಲ್ಲ. ಅದಕ್ಕ ಅತ್ತಿಯನ್ನ ಕರಕೊಂಡು ಹೋಗಿ ಮೂರು ಸಲ ಹತ್ತಿಸಿ ಇಳಿಸಿ ನೋಡಿದ್ರು. ಅವರು "ಇದ ಇರ್ಲಿ" ಅಂದ್ರು. 9 ಲಕ್ಷ 80 ಸಾವಿರದ್ದ ಬುಕ್ ಆತು.

ಹುಡುಗ ಎರಡು ದಿನ ಮಾರಿ ಉಬ್ಬಿಸಿದ. ಕಿಡಕಿ ಬಾಜೂಕ ಕೂಡೂದು ದಿನಾ ನಿಂದ ಅಂದ ಮ್ಯಾಲ ಸುಮ್ಮನಾದ.